ಮಸಾಲ ಪೂರಿ ರೀಲ್‌ಗೆ ಒಂದು ಸಾಲು ಬರೆಯೋಕೆ ಹದಿನೈದು ದಿನ

ನಮ್ಮ ಮನೆ ಹತ್ತಿರ ಬಸ್ ಸ್ಟಾಪ್ ಪಕ್ಕದಲ್ಲಿ ಸಂಜೆ ಐದಕ್ಕೆ ಒಂದು ತಳ್ಳುಗಾಡಿ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಇಂಥ ಗಾಡಿ ಇಲ್ಲದ ಏರಿಯಾನೇ ಇಲ್ಲ, ಅಲ್ವಾ? ಆದರೆ ಈ ಗಾಡಿ ಜೊತೆ ನನಗೆ ಕಾಲೇಜಿನ ದಿನಗಳಿಂದ ನಂಟು. ಗಾಡಿ ಅಣ್ಣನಿಗೆ ನನ್ನ ಹೆಸರು ಗೊತ್ತಿಲ್ಲ, ಆದರೆ ನನಗೆ ಸ್ವೀಟ್ ಕಮ್ಮಿ, ಈರುಳ್ಳಿ ಜಾಸ್ತಿ ಅನ್ನೋದು ಗೊತ್ತು. ಪರೀಕ್ಷೆ ಹಾಳಾದ ದಿನವೂ ಅಲ್ಲೇ ನಿಂತಿದ್ದೇನೆ, ಕೆಲಸ ಸಿಕ್ಕಿದ ದಿನವೂ ಅಲ್ಲೇ.

ಕೆಲವು ತಿಂಗಳ ಹಿಂದೆ ಅಣ್ಣನ ಮಗ ಗಾಡಿಗೆ ಅಂತ ಒಂದು ಇನ್‌ಸ್ಟಾಗ್ರಾಮ್ ಅಕೌಂಟ್ ತೆರೆದ. ಡಿಗ್ರಿ ಓದುವ ಹುಡುಗ, ವಿಡಿಯೋ ಚೆನ್ನಾಗಿ ತೆಗೆಯುತ್ತಾನೆ. "ಅಕ್ಕ, ವಿಡಿಯೋ ಇದೆ, ಕೆಳಗೆ ಏನು ಬರೀಬೇಕು ಗೊತ್ತಾಗ್ತಿಲ್ಲ, ಬರ್ಕೊಡ್ತೀರಾ?" ಅಂದ. ನಾನು ಬರೆಯುವ ಕೆಲಸದವಳು. ಅರ್ಧ ಗಂಟೆ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಕೊನೆಗೆ ಆ ಕ್ಯಾಪ್ಷನ್‌ನ ಮೊದಲ ಸಾಲಿಗೆ ಮಾತ್ರ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನದಲ್ಲಿ ನನಗೆ ಅರ್ಥವಾದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ.

ಮೊದಲ ರೀಲ್‌ಗೆ ನಾನು ಬರೆದ ಸಾಲು ಇದು: "ಖಾರಕ್ಕೆ ಕಣ್ಣಲ್ಲಿ ನೀರು ಬರಿಸೋ ಮಸಾಲ ಪೂರಿ!" ಕುಳಿತಲ್ಲೇ ಹೊಳೆದ ಸಾಲು. ಹುಡುಗನಿಗೂ ಇಷ್ಟವಾಯಿತು. ಅದನ್ನೇ ದೊಡ್ಡ ಹಳದಿ ಅಕ್ಷರದಲ್ಲಿ ವಿಡಿಯೋ ಮೇಲೂ ಹಾಕಿದ. ವಿಡಿಯೋ ಓಡಿತು. ಎಷ್ಟು ಓಡಿತು ಅಂದರೆ ಮೂರನೇ ದಿನ ಸಂಜೆ ಗಾಡಿ ಮುಂದೆ ಬೈಕುಗಳ ಸಾಲೇ ನಿಂತಿತ್ತು.

ಬಂದವರು ಯಾರು? ಖಾರ ತಿಂದು ತೋರಿಸಬೇಕು ಅಂತ ಬಂದ ಹುಡುಗರು. ಒಂದು ಪ್ಲೇಟ್ ತಿಂದು "ಏನಣ್ಣ, ಖಾರನೇ ಇಲ್ವಲ್ಲ" ಅಂದರು. ನಿಜ, ಅಣ್ಣನ ಮಸಾಲೆ ಖಾರದ್ದಲ್ಲ. ಅದರಲ್ಲಿ ಸೋಂಪು, ಪುದೀನದ ವಾಸನೆ ಮುಂದೆ ಬರುತ್ತದೆ, ಖಾರ ಆಮೇಲೆ ಗಂಟಲಲ್ಲಿ ಸ್ವಲ್ಪ ಗೊತ್ತಾಗುತ್ತದೆ, ಅಷ್ಟೇ. ಬಂದವರನ್ನು ವಾಪಸ್ ಕಳಿಸಲು ಮನಸ್ಸಾಗದೆ ಅಣ್ಣ ಹಸಿಮೆಣಸಿನಕಾಯಿ ಪೇಸ್ಟ್ ಒಂದು ಡಬ್ಬಿಯಲ್ಲಿ ತಂದಿಟ್ಟುಕೊಂಡರು. ಕೇಳಿದವರಿಗೆ ಅದನ್ನು ಹಾಕಿಕೊಟ್ಟರು. ಒಂದು ದಿನ ಗಲಾಟೆಯಲ್ಲಿ ಅದೇ ಚಮಚ ಇನ್ನೊಂದು ತಟ್ಟೆಗೂ ಬಿತ್ತು. ಆ ತಟ್ಟೆ ದಿನಾ ಬರುವ ಒಬ್ಬರು ಅಜ್ಜಿಯದು. ಅವರು ಎರಡು ಚಮಚ ತಿಂದು ತಟ್ಟೆ ಇಟ್ಟು ಹೋದರು. ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ. ಅಕ್ಕ, ಅಂದರೆ ಅಣ್ಣನ ಹೆಂಡತಿ, ಅವರು ಮಾತ್ರ ಹೇಳಿದರು: "ನಾನು ಬೆಳಗ್ಗೆ ಐದಕ್ಕೆ ಎದ್ದು ಮಾಡೋ ಮಸಾಲೆ ಅದಲ್ಲ ಕಣಮ್ಮ."

ಆ ಮಾತು ನನಗೆ ನಾಟಿತು. ನಾನು ಬರೆದದ್ದು ಆ ಪ್ಲೇಟಿನಲ್ಲಿ ಇಲ್ಲದ ವಿಷಯ. ಮೊದಲ ಸಾಲು ಬಲವಾಗಿದ್ದರೆ ಜನ ಬರುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರು ಆ ಸಾಲನ್ನೇ ಹುಡುಕಿಕೊಂಡು ಬರುತ್ತಾರೆ. ಸಾಲಲ್ಲಿ ಖಾರ ಅಂದರೆ ಖಾರ ಬೇಕಾದವರೇ ಬರುತ್ತಾರೆ.

ಸರಿ, ತಿದ್ದೋಣ ಅಂತ ಕೂತೆವು. ಆಗ ಇನ್ನೊಂದು ವಿಷಯ ಗೊತ್ತಾಯಿತು. ರೀಲ್ ಹಾಕಿದ ಮೇಲೂ ಕ್ಯಾಪ್ಷನ್ ತಿದ್ದಬಹುದು, ಮೂರು ಚುಕ್ಕಿ ಒತ್ತಿ ಎಡಿಟ್ ಮಾಡಿದರೆ ಆಯಿತು. ಆದರೆ ವಿಡಿಯೋ ಮೇಲೆ ಹಾಕಿದ ಅಕ್ಷರ ವಿಡಿಯೋದ ಭಾಗವೇ ಆಗಿಬಿಡುತ್ತದೆ, ಹಾಕಿದ ಮೇಲೆ ಅದನ್ನು ತೆಗೆಯೋಕೆ ಆಗುವುದಿಲ್ಲ. ಆ ಹಳದಿ ಅಕ್ಷರ ಹೋಗಬೇಕು ಅಂದರೆ ಇಡೀ ರೀಲ್ ಹೋಗಬೇಕು. ತೆಗೆದುಬಿಟ್ಟೆವು. ಅಷ್ಟು ಓಡಿದ ರೀಲ್ ತೆಗೆಯುವಾಗ ಹುಡುಗನ ಮುಖ ಸಪ್ಪಗಾಗಿತ್ತು. ಅಂದಿನಿಂದ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಸಮಯ, ರಜೆ, ಜಾಗ, ಹೀಗೆ ಬದಲಾಗಬಹುದಾದದ್ದೆಲ್ಲ ಕ್ಯಾಪ್ಷನ್‌ನಲ್ಲಿ ಮಾತ್ರ. ವಿಡಿಯೋ ಮೇಲೆ ಏನನ್ನೂ ಬರೆಯುವುದಿಲ್ಲ.

ಎರಡನೇ ಸಲ ನಾನು ಮನೆಯಲ್ಲಿ ಕೂತು ಬರೆಯಲಿಲ್ಲ. ಅಕ್ಕನ ಅಡುಗೆಮನೆಗೆ ಹೋದೆ.

ಹಿಂದಿನ ರಾತ್ರಿಯೇ 4 ಕೆಜಿ ಒಣ ಹಸಿರು ಬಟಾಣಿ ನೆನೆಹಾಕಿರುತ್ತಾರೆ. ಬೆಳಗ್ಗೆ ಹೊತ್ತಿಗೆ ಅದು ಉಬ್ಬಿ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯೇ ತೂಗುತ್ತದೆ. ಆ ನೀರು ಚೆಲ್ಲಿ, ಹೊಸ ನೀರು, ಉಪ್ಪು, ಚಿಟಿಕೆ ಅರಿಶಿನ ಹಾಕಿ ಬೇಯಿಸುತ್ತಾರೆ. ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ, ಆದರೆ ಬಟಾಣಿ ಕರಗಿ ಹೋಗುತ್ತದೆ, ಬಾಯಲ್ಲಿ ಸೋಪಿನ ಹಾಗೆ ಒಂದು ರುಚಿ ನಿಲ್ಲುತ್ತದೆ. ಅಕ್ಕ ಸೋಡಾ ಮುಟ್ಟುವುದಿಲ್ಲ. ಬೆಂದ ಬಟಾಣಿಯಲ್ಲಿ ಕಾಲು ಭಾಗ ತೆಗೆದು ಪಕ್ಕಕ್ಕಿಡುತ್ತಾರೆ. ಇನ್ನೊಂದು ಕಡೆ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಎಣ್ಣೆಯಲ್ಲಿ ಬಾಡಿಸಿ, ಚಕ್ಕೆ, ಲವಂಗ, ಸೋಂಪು ಸೇರಿಸಿ, ಒಲೆ ಆರಿಸಿದ ಮೇಲೆ ಕೊತ್ತಂಬರಿ, ಪುದೀನ ಹಾಕಿ, ಪಕ್ಕಕ್ಕಿಟ್ಟ ಬಟಾಣಿ ಜೊತೆಗೇ ನುಣ್ಣಗೆ ರುಬ್ಬುತ್ತಾರೆ. ಗ್ರೇವಿ ಗಟ್ಟಿ ಬರೋದು ಆ ಬಟಾಣಿಯಿಂದಲೇ, ಹಿಟ್ಟು ಗಿಟ್ಟು ಏನೂ ಇಲ್ಲ. ಪುದೀನ ಒಲೆ ಮೇಲೆ ಹುರಿದರೆ ಬಣ್ಣ ಕಪ್ಪಾಗುತ್ತದೆ, ಸ್ವಲ್ಪ ಕಹಿಯೂ ಬರುತ್ತದೆ ಅಂತ ಅಕ್ಕ ಹೇಳಿಕೊಟ್ಟರು. ನಮ್ಮ ಮನೆಯ ಮಸಾಲ ಪೂರಿ ಯಾಕೆ ಪ್ರತಿಸಲ ಕಪ್ಪಾಗುತ್ತಿತ್ತು ಅಂತ ಆಗ ಗೊತ್ತಾಯಿತು.

ಇದನ್ನೆಲ್ಲ ಬರೆದುಕೊಂಡು ಬಂದೆ. ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿತು. ಮೊದಲ ಸಾಲು ಮಾತ್ರ ಸಿಗಲಿಲ್ಲ.

ಆದರೂ ಬರೆದು ನೋಡಿದೆ. "ಬೆಂಗಳೂರಿನ ಬೆಸ್ಟ್ ಮಸಾಲ ಪೂರಿ ಇಲ್ಲಿದೆ ಫ್ರೆಂಡ್ಸ್" ಅಂತ ಬರೆದರೆ ಅದು ಸಾವಿರ ಗಾಡಿಗಳ ಕೆಳಗೆ ಇರುವ ಸಾಲು, ಯಾವ ಗಾಡಿಗೆ ಅಂಟಿಸಿದರೂ ಅಂಟುತ್ತದೆ. "ಮಳೆ, ಸಂಜೆ, ಬಿಸಿ ಬಿಸಿ ಮಸಾಲ ಪೂರಿ" ಅಂತ ಬರೆದೆ. ಓದೋಕೆ ಹಿತ, ಆದರೆ ಅದರಲ್ಲಿ ಮಳೆ ಇದೆಯೇ ಹೊರತು ಅಣ್ಣ ಇಲ್ಲ. "ಸೋಡಾ ಹಾಕದ ಮಸಾಲ ಪೂರಿ" ಅಂತ ಬರೆದೆ. ನಿಜವೇ, ಆದರೆ ತಿನ್ನುವವರ ಬಾಯಲ್ಲಿ ನೀರು ಬರುವ ಮಾತಲ್ಲ, ಪಕ್ಕದ ಗಾಡಿಯವರನ್ನು ಚುಚ್ಚಿದ ಹಾಗೂ ಆಗುತ್ತದೆ. ಅಣ್ಣನೇ ಬೇಡ ಅಂದರು. "ಅವರೂ ನಮ್ಮ ಥರಾನೇ ದುಡಿಯೋರು."

ಒಂದು ಸಾಲು ನನಗೆ ತುಂಬ ಹಿಡಿಸಿತ್ತು. ಗಾಡಿ ಮೇಲೆ ಗ್ರೇವಿ ಸಂಜೆಯೆಲ್ಲ ಸಣ್ಣ ಉರಿಯಲ್ಲಿ ಕುದಿಯುತ್ತಲೇ ಇರುತ್ತದೆ. ಐದಕ್ಕೆ ತೆಳ್ಳಗಿರುತ್ತದೆ. ಕುದಿಯುತ್ತ ನೀರು ಕಮ್ಮಿಯಾಗಿ, ಬಟಾಣಿ ಅಂಚು ಒಡೆದು, ಏಳರ ಹೊತ್ತಿಗೆ ಸೌಟಿನಿಂದ ಬೀಳುವಾಗ ನಿಧಾನ ಬೀಳುತ್ತದೆ. ಅದೇ ಅದರ ಒಳ್ಳೆಯ ಹೊತ್ತು, ದಿನಾ ಬರುವವರಿಗೆ ಇದು ಗೊತ್ತು. ಹಾಗಾಗಿ "ಏಳು ಗಂಟೆ ಮೇಲೆ ಬನ್ನಿ" ಅಂತ ಬರೆದೆ. ಚಿಕ್ಕದು, ನಿಜ, ಕುತೂಹಲ ಹುಟ್ಟಿಸುತ್ತದೆ. ಅಣ್ಣ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗೆ ಬರೆದ್ರೆ ಐದು ಗಂಟೆಗೆ ಯಾರು ಬರ್ತಾರಮ್ಮ? ಏಳಕ್ಕೆ ಎಲ್ಲರೂ ಒಂದೇ ಸಲ ಬಂದ್ರೆ ನನ್ನ ಕೈಯಲ್ಲಿ ಆಗುತ್ತಾ?" ಅಂದರು. 4 ಕೆಜಿ ಬಟಾಣಿಗೆ ಹೆಚ್ಚು ಕಮ್ಮಿ ನೂರು ಪ್ಲೇಟ್ ಬರುತ್ತದೆ. ಕೊಡುವವರು ಒಬ್ಬರೇ. ಒಂದು ಪ್ಲೇಟಿಗೆ ಒಂದೂವರೆ ನಿಮಿಷ ಅಂದರೂ ಗಂಟೆಗೆ ನಲವತ್ತು. ನಾನು ಆ ಲೆಕ್ಕ ಹಾಕಿಯೇ ಇರಲಿಲ್ಲ. ಸಾಲು ಎಷ್ಟೇ ಚೆನ್ನಾಗಿರಲಿ, ಗಾಡಿಗೆ ಅದನ್ನು ತಡೆದುಕೊಳ್ಳಲು ಆಗಬೇಕಲ್ಲ.

ಈ ನಡುವೆ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು, ಇದು ಕನ್ನಡದಲ್ಲಿ ಬರೆಯುವವರೆಲ್ಲ ಗಮನಿಸಬೇಕಾದದ್ದು.

ರೀಲ್ ನೋಡುವಾಗ ಕ್ಯಾಪ್ಷನ್ ಪೂರ್ತಿ ಕಾಣುವುದಿಲ್ಲ. ಒಟ್ಟು 2200 ಕ್ಯಾರೆಕ್ಟರ್ ಬರೆಯಲು ಜಾಗ ಇದೆ ನಿಜ, ಆದರೆ ವಿಡಿಯೋ ಕೆಳಗೆ, ಎಡಗಡೆ, ಹೆಸರಿನ ಕೆಳಗೆ ಕಾಣುವುದು ಶುರುವಿನ ಒಂದು ಚೂರು ಮಾತ್ರ. ಬಲಗಡೆ ಲೈಕ್, ಕಾಮೆಂಟ್ ಗುರುತುಗಳು ಜಾಗ ತಿನ್ನುತ್ತವೆ. ಉಳಿದದ್ದು ಮೂರು ಚುಕ್ಕಿಯ ಹಿಂದೆ ಹೋಗುತ್ತದೆ. ನಾನು ಬರೆದದ್ದು ಲ್ಯಾಪ್‌ಟಾಪಿನಲ್ಲಿ. ನೋಡುವುದು ಐದೂವರೆ ಇಂಚಿನ ಫೋನಿನಲ್ಲಿ, ಅದೂ ಅಕ್ಷರ ದೊಡ್ಡದು ಮಾಡಿಟ್ಟುಕೊಂಡ ಅಣ್ಣನ ಫೋನಿನಲ್ಲಿ. ಅಲ್ಲಿ ನನ್ನ ಒಂದು ಸಾಲು ಹೀಗೆ ಕಂಡಿತು:

"ಇಪ್ಪತ್ತು ವರ್ಷದಿಂದ ಒಂದೇ ಜಾಗದಲ್ಲಿ…"

ಪೂರ್ತಿ ಸಾಲು, "ಇಪ್ಪತ್ತು ವರ್ಷದಿಂದ ಒಂದೇ ಜಾಗದಲ್ಲಿ ನಿಂತು ಒಂದೇ ರುಚಿಯ ಮಸಾಲ ಪೂರಿ ಮಾಡುತ್ತಿದ್ದಾರೆ." ಮಸಾಲ ಪೂರಿ ಅನ್ನುವ ಹೊತ್ತಿಗೆ ಸಾಲು ಮುಗಿದೇ ಹೋಗಿತ್ತು.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಎಷ್ಟು ದಿನದಿಂದ, ಏನನ್ನು, ಇಷ್ಟೆಲ್ಲ ಹೇಳಿ ಆಮೇಲೆ ಮಾಡಿದರು, ತಿಂದರು, ಬನ್ನಿ ಅನ್ನುತ್ತೇವೆ. ಮಾತಿನ ಜೀವ ಇರೋದು ಆ ಕೊನೆಯಲ್ಲಿ. ರೀಲ್ ಕತ್ತರಿಸುವುದೂ ಸರಿಯಾಗಿ ಅಲ್ಲೇ. ಉದ್ದ ವಾಕ್ಯ ಬರೆದು ಕೊನೆಗೆ ಒಂದು ಉದ್ಗಾರ ಚಿಹ್ನೆ ಹಾಕಿ, ಜನರನ್ನು ಹಿಡಿದು ನಿಲ್ಲಿಸುವ ಹುಕ್ಕು ಇದೇ ಅಂತ ನಾವು ಅಂದುಕೊಂಡಿರುತ್ತೇವೆ. ನೋಡುವವರಿಗೆ ಅದರ ಬಾಲವೇ ಸಿಕ್ಕಿರುವುದಿಲ್ಲ.

ದಾರಿ ಎರಡು. ವಾಕ್ಯ ಎಷ್ಟು ಚಿಕ್ಕದಿರಬೇಕು ಅಂದರೆ ಕ್ರಿಯಾಪದ ಆ ಚೂರಿನ ಒಳಗೇ ಬಂದು ಮುಗಿಯಬೇಕು. ಇಲ್ಲವೇ ನಾವು ಮಾತಾಡುವಾಗ ಮಾಡುವ ಹಾಗೆ ಪದ ತಿರುಗಿಸಬೇಕು. ಬಸ್ಸಿನಲ್ಲಿ ಕಂಡಕ್ಟರ್ "ಇಳೀರಿ ಬೇಗ" ಅನ್ನುತ್ತಾರೆ, "ಬೇಗ ಇಳಿಯಿರಿ" ಅನ್ನುವುದಿಲ್ಲ. ಅಮ್ಮ "ಬಾ ಊಟಕ್ಕೆ" ಅಂತ ಕೂಗುತ್ತಾರೆ. ಅವಸರ ಇದ್ದಾಗ ಕನ್ನಡ ತಾನಾಗೇ ಕ್ರಿಯಾಪದವನ್ನು ಮುಂದಕ್ಕೆ ತರುತ್ತದೆ. ಇದು ತಿಳಿದ ಮೇಲೆ ನಾನು ಹುಡುಕುತ್ತಿದ್ದದ್ದು ಏನು ಅಂತ ಸ್ಪಷ್ಟವಾಯಿತು. ಅವಸರದ ಮಾತು ಬೇಕು. ಅವಸರದ ಮಾತು ನನ್ನ ಟೇಬಲ್ ಮೇಲೆ ಸಿಗುವುದಿಲ್ಲ, ಗಾಡಿ ಹತ್ತಿರ ಸಿಗುತ್ತದೆ.

ಹಾಗಾಗಿ ಸಂಜೆ ಹೋಗಿ ಸುಮ್ನೆ ನಿಲ್ಲಲು ಶುರುಮಾಡಿದೆ. ತಿಂದು ಮುಗಿಸಿದ ಮೇಲೂ ಪಕ್ಕದಲ್ಲಿ ನಿಂತು ಅಣ್ಣನ ಕೈ ನೋಡುತ್ತಿದ್ದೆ, ಮಾತು ಕೇಳುತ್ತಿದ್ದೆ.

ಕೈ ನೋಡಿದಾಗ ಇಷ್ಟು ವರ್ಷ ಕಾಣದೆ ಇದ್ದದ್ದು ಕಂಡಿತು. ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಪೂರಿ ಅಂಗೈಯಲ್ಲೇ ಮುರಿದು ಹಾಕುತ್ತಾರೆ. ಅದರ ಮೇಲೆ ಎರಡು ಸೌಟು ಕುದಿಯುವ ಗ್ರೇವಿ, ಬಟಾಣಿ ಸಮೇತ. ಒಂದು ಚಮಚ ಹುಣಸೆ-ಬೆಲ್ಲದ ಸಿಹಿ ಚಟ್ನಿ, ಸ್ವಲ್ಪ ಹಸಿರು ಚಟ್ನಿ. ಮೇಲೆ ಈರುಳ್ಳಿ, ಟೊಮ್ಯಾಟೊ, ಕ್ಯಾರೆಟ್ ತುರಿ, ಹುರಿದ ಜೀರಿಗೆ ಪುಡಿ, ಕೊತ್ತಂಬರಿ ಸೊಪ್ಪು, ಸಣ್ಣ ಸೇವ್. ಇಷ್ಟು ಎಲ್ಲರೂ ಮಾಡುತ್ತಾರೆ. ಅಣ್ಣ ಇಲ್ಲಿಗೆ ನಿಲ್ಲಿಸುವುದಿಲ್ಲ. ತಟ್ಟೆ ಕೈಗೆ ಕೊಡುವ ಮುಂಚೆ ಇನ್ನೂ ಎರಡು ಪೂರಿ ತೆಗೆದು, ಸೇವ್ ಮೇಲೆ ದಪ್ಪ ದಪ್ಪ ಚೂರಾಗಿ ಮುರಿದು ಉದುರಿಸುತ್ತಾರೆ. ಕೆಳಗಿನ ಪೂರಿ ಗ್ರೇವಿ ಕುಡಿದು ಮೆತ್ತಗಾಗಿರುತ್ತದೆ, ಮೇಲಿನದು ಕರುಮ್ ಅನ್ನುತ್ತದೆ. ಒಂದೇ ಚಮಚದಲ್ಲಿ ಎರಡೂ ಬಾಯಿಗೆ ಬರುತ್ತವೆ. ನಾನು ಇಷ್ಟು ವರ್ಷ ಇಲ್ಲಿಗೇ ಬರುತ್ತಿದ್ದದ್ದು ಇದಕ್ಕೇ, ಆದರೆ ಇದು ಅಂತ ಗೊತ್ತಿರಲಿಲ್ಲ. ಮಸಾಲೆ ಚೆನ್ನಾಗಿದೆ ಅಂದುಕೊಂಡಿದ್ದೆ.

ಆ ಕರುಮ್ ಎಷ್ಟು ಹೊತ್ತು ಇರುತ್ತದೆ? ನಾನು ಫೋನಿನಲ್ಲಿ ಸಮಯ ಇಟ್ಟು ನೋಡಿದೆ. ಎರಡು ನಿಮಿಷ ದಾಟಿದರೆ ಗ್ರೇವಿಯ ಹಬೆಗೇ ಮೇಲಿನ ಪೂರಿ ಮೆತ್ತಗಾಗುತ್ತದೆ. ಅಷ್ಟರೊಳಗೆ ಚಮಚ ಹಾಕಬೇಕು.

ಜನ ಆ ಎರಡು ನಿಮಿಷ ಏನು ಮಾಡುತ್ತಾರೆ? ಫೋಟೋ ತೆಗೆಯುತ್ತಾರೆ.

ಹನ್ನೆರಡನೇ ದಿನವೋ ಹದಿಮೂರನೇ ದಿನವೋ ಇರಬೇಕು, ಇಬ್ಬರು ಹುಡುಗಿಯರು ತಟ್ಟೆ ತೆಗೆದುಕೊಂಡು ಬೆಳಕು ಎಲ್ಲಿ ಚೆನ್ನಾಗಿದೆ ಅಂತ ಹುಡುಕುತ್ತಿದ್ದರು. ಒಬ್ಬಳು ತಟ್ಟೆ ಮೇಲೆತ್ತಿ ಹಿಡಿದಿದ್ದಳು, ಇನ್ನೊಬ್ಬಳು ವಿಡಿಯೋ ಮಾಡುತ್ತಿದ್ದಳು, ಸರಿಬರಲಿಲ್ಲ ಅಂತ ಮತ್ತೆ ಮಾಡಿದಳು. ಅಣ್ಣ ಬೇರೆಯವರಿಗೆ ಈರುಳ್ಳಿ ಹಾಕುತ್ತಿದ್ದವರು ಇವರ ಕಡೆ ನೋಡುತ್ತಲೇ ಇದ್ದರು. ಕೊನೆಗೆ ತಡೆಯಲಾಗಲಿಲ್ಲ.

"ಮೊದ್ಲು ತಿನ್ನಿ ತಾಯಿ! ವಿಡಿಯೋ ಆಮೇಲೆ. ಪೂರಿ ನೆನೆಯುತ್ತೆ!"

ಬೈಗುಳ ಅಲ್ಲ ಅದು. ಮನೆಯಲ್ಲಿ ದೋಸೆ ಹಾಕುವವರು "ಬಿಸಿ ಇದ್ದಾಗಲೇ ತಿನ್ನು" ಅನ್ನುವಾಗ ಇರುವಂಥ ಸಂಕಟ. ಆ ಹುಡುಗಿಯರು ನಕ್ಕು ಫೋನ್ ಒಳಗಿಟ್ಟು ತಿಂದರು. ನಾನು ಅಲ್ಲೇ ಫೋನ್ ತೆಗೆದು ಆ ಮಾತನ್ನು ಹಾಗೇ ಬರೆದುಕೊಂಡೆ.

ಈ ಮಾತಿನಲ್ಲಿ ನಾನು ಹುಡುಕುತ್ತಿದ್ದದ್ದೆಲ್ಲ ಇತ್ತು. ಅವಸರ ಇತ್ತು. ಕ್ರಿಯಾಪದ ಎರಡನೇ ಪದದಲ್ಲೇ ಬಂದುಬಿಟ್ಟಿತ್ತು. ಫೋನಿನಲ್ಲಿ ವಿಡಿಯೋ ನೋಡುತ್ತಿರುವವರಿಗೇ "ವಿಡಿಯೋ ಆಮೇಲೆ" ಅಂದರೆ ಅವರು ಒಂದು ಕ್ಷಣ ನಿಲ್ಲುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರ ಪ್ಲೇಟಿನಲ್ಲೇ ಇದೆ, ಮೇಲಿನ ಆ ಎರಡು ಪೂರಿ. ಅದಕ್ಕಿಂತ ಮುಖ್ಯ, ಈ ಸಾಲನ್ನು ನಂಬಿ ಬಂದವರಿಗೆ ಅಣ್ಣ ಹೊಸದಾಗಿ ಏನೂ ಮಾಡಬೇಕಾಗಿಲ್ಲ. ದಿನಾ ಕೊಡುವುದನ್ನೇ ಕೊಟ್ಟರೆ ಸಾಕು.

ಆಮೇಲೆ ಕೂತು ಸ್ವಲ್ಪ ತಿದ್ದಿದೆ. "ತಾಯಿ" ತೆಗೆದೆ, ಓದುವವರು ಎಲ್ಲರೂ ಇರುತ್ತಾರಲ್ಲ. "ಮೊದಲು" ಅನ್ನೋದೋ "ಮೊದ್ಲು" ಅನ್ನೋದೋ ಅಂತ ಯೋಚನೆ ಬಂತು. "ಮೊದಲು" ಪುಸ್ತಕದ ಮಾತು, "ಮೊದ್ಲು" ಅಣ್ಣನ ಬಾಯಿಯ ಮಾತು. ಇಲ್ಲೊಂದು ವಿಚಿತ್ರ ಇದೆ. ಕಣ್ಣಿಗೆ "ಮೊದ್ಲು" ಚಿಕ್ಕದು, ಎರಡೇ ಅಕ್ಷರದ ಅಗಲ. ಆದರೆ ಫೋನಿನ ಲೆಕ್ಕದಲ್ಲಿ ಅದು 6 ಕ್ಯಾರೆಕ್ಟರ್, "ಮೊದಲು" 5. ಸ್ವರಚಿಹ್ನೆ, ಒತ್ತಿಗೆ ಮುಂಚೆ ಕಣ್ಣಿಗೆ ಕಾಣದೆ ಇರುವ ಅರ್ಧಾಕ್ಷರದ ಗುರುತು, ಒತ್ತು, ಎಲ್ಲವೂ ಬೇರೆ ಬೇರೆಯಾಗಿ ಎಣಿಕೆ ಆಗುತ್ತವೆ. ಹಾಗಾಗಿ ಇಂಗ್ಲಿಷ್‌ನವರು ಹೇಳುವ ಇಷ್ಟು ಕ್ಯಾರೆಕ್ಟರ್ ಒಳಗೆ ಬರೆಯಿರಿ ಅನ್ನುವ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ಎಣಿಸುವುದು ಬಿಟ್ಟು ಚಿಕ್ಕ ಫೋನಿನಲ್ಲಿ ಹಾಕಿ ಕಣ್ಣಿಂದ ನೋಡುವುದೇ ಸರಿ. ನಾವು ಹುಡುಗನ ಇನ್ನೊಂದು ಪ್ರೈವೇಟ್ ಅಕೌಂಟಿನಲ್ಲಿ ಅದೇ ವಿಡಿಯೋ ಹಾಕಿ, ಅಣ್ಣನ ಫೋನಿನಲ್ಲಿ ತೆರೆದು ನೋಡಿದೆವು. "ಮೊದ್ಲು ತಿನ್ನಿ. ವಿಡಿಯೋ ಆಮೇಲೆ." ಪೂರ್ತಿ ಕಂಡಿತು. "ಪೂರಿ ನೆನೆಯುತ್ತೆ" ಮೂರು ಚುಕ್ಕಿಯ ಹಿಂದೆ ಹೋಯಿತು. ಒಳ್ಳೆಯದೇ ಆಯಿತು, ಯಾಕೆ ಅಂತ ತಿಳಿಯಬೇಕಾದವರು ಒತ್ತಿ ನೋಡುತ್ತಾರೆ.

ಉಳಿದ ಕ್ಯಾಪ್ಷನ್ ಅರ್ಧ ಗಂಟೆಯಲ್ಲಿ ಆಯಿತು. ಕೊನೆಗೆ ಹಾಕಿದ್ದು ಇದು. ಜಾಗದ ಗುರುತು ಮಾತ್ರ ಇಲ್ಲಿ ಬಿಟ್ಟಿದ್ದೇನೆ.

ಮೊದ್ಲು ತಿನ್ನಿ. ವಿಡಿಯೋ ಆಮೇಲೆ.

ಪೂರಿ ನೆನೆಯುತ್ತೆ! ನಮ್ಮ ಅಣ್ಣ ದಿನಾ ಹೇಳೋ ಮಾತಿದು. ಕೆಳಗೆ ನಾಲ್ಕು ಪೂರಿ ಬಿಸಿ ಬಟಾಣಿ ಗ್ರೇವಿಯಲ್ಲಿ ನೆನೆದಿರುತ್ತೆ, ಮೇಲೆ ಎರಡು ಪೂರಿ ಗರಿಗರಿಯಾಗೇ ಇರುತ್ತೆ. ಎರಡು ನಿಮಿಷದ ಒಳಗೆ ತಿಂದ್ರೆ ಎರಡೂ ಒಟ್ಟಿಗೆ ಬಾಯಿಗೆ ಸಿಗುತ್ತೆ.

ಖಾರ ಹದವಾಗಿರುತ್ತೆ, ಮಕ್ಕಳೂ ತಿನ್ನಬಹುದು.

ಸಂಜೆ 5ರಿಂದ, ಗ್ರೇವಿ ಮುಗಿಯೋವರೆಗೆ. ಸಾಮಾನ್ಯವಾಗಿ 8ಕ್ಕೆ ಮುಗಿಯುತ್ತೆ. ಸೋಮವಾರ ರಜೆ.

ಬಸ್ ಸ್ಟಾಪ್ ಪಕ್ಕ, ಹಸಿರು ಗಾಡಿ.

masala puri #masalapuri

ಕೆಲವು ವಿಷಯಗಳ ಬಗ್ಗೆ ಹುಡುಗ ಕೇಳಿದ, ನೀವೂ ಕೇಳಬಹುದು. ಬೆಲೆ ಯಾಕೆ ಹಾಕಲಿಲ್ಲ? ರೀಲ್ ತಿಂಗಳುಗಟ್ಟಲೆ ತಿರುಗುತ್ತಿರುತ್ತದೆ, ಯಾರೋ ಕ್ಯಾಪ್ಷನ್ ಸಮೇತ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿನಲ್ಲಿ ಕಳಿಸಿರುತ್ತಾರೆ. ನಾವು ಇಲ್ಲಿ ತಿದ್ದಿದರೂ ಅಲ್ಲಿ ಹಳೆಯದೇ ಇರುತ್ತದೆ. ಬಟಾಣಿ ಬೆಲೆ ಏರಿ ಐದು ರೂಪಾಯಿ ಜಾಸ್ತಿ ಮಾಡಿದ ದಿನ ಯಾರಾದರೂ ಫೋನ್ ಹಿಡಿದು "ಇದರಲ್ಲಿ ಹೀಗಿದೆ" ಅಂದರೆ ಅಣ್ಣ ವಾದ ಮಾಡುತ್ತಾ ನಿಲ್ಲಬೇಕು. ಬೆಲೆ ಗಾಡಿಯ ಬೋರ್ಡಿನಲ್ಲಿದೆ, ಅಲ್ಲೇ ಇರಲಿ. "ಗ್ರೇವಿ ಮುಗಿಯೋವರೆಗೆ" ಅಂತ ಬರೆದದ್ದು ಯಾಕೆ ಅಂದರೆ ನೂರು ಪ್ಲೇಟಿನ ಲೆಕ್ಕ. ದೂರದಿಂದ ಎಂಟೂವರೆಗೆ ಬಂದು ಖಾಲಿ ಪಾತ್ರೆ ನೋಡಿ ಹೋಗುವವರಿಗೆ ಬೇಜಾರು, ನೀರು ಬೆರೆಸಿ ಕೊಡುವುದು ಅಣ್ಣನಿಗೆ ಆಗದ ಮಾತು. ಖಾರದ ಸಾಲು ಯಾಕೆ ಅಂತ ನಿಮಗೆ ಗೊತ್ತೇ ಇದೆ.

ಬಟಾಣಿ ಗ್ರೇವಿ ಅಂತ ಬಿಡಿಸಿ ಹೇಳಿದ್ದಕ್ಕೂ ಕಾರಣ ಇದೆ. ಬೆಂಗಳೂರು, ಮೈಸೂರು ಕಡೆಯವರಿಗೆ ಮಸಾಲ ಪೂರಿ ಅಂದರೆ ಸಾಕು. ಹೊರಗಿನಿಂದ ಬಂದ ನನ್ನ ಆಫೀಸಿನವರು ಪಾನಿ ಪೂರಿಯ ಇನ್ನೊಂದು ಹೆಸರು ಅಂದುಕೊಂಡಿದ್ದರು. ತಟ್ಟೆಯಲ್ಲಿ, ಬಿಸಿಯಾಗಿ, ಚಮಚದಲ್ಲಿ ತಿನ್ನುವ ಚಾಟ್ ಅಂತ ಹೇಳಿದ ಮೇಲೆ ಗೊತ್ತಾಯಿತು. ಕೊನೆಯ ಇಂಗ್ಲಿಷ್ ಅಕ್ಷರವೂ ಅದಕ್ಕೇ. ಕನ್ನಡ ಓದುವವರಲ್ಲೂ ಎಷ್ಟೋ ಜನ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಅದು ಕೊನೆಯಲ್ಲಿದ್ದರೆ ಯಾರಿಗೂ ಅಡ್ಡಿ ಇಲ್ಲ. ಮೊದಲ ಸಾಲಿಗೆ ತಂದರೆ ಅಣ್ಣನ ದನಿ ಹೋಗಿಬಿಡುತ್ತದೆ.

ಈ ರೀಲ್ ಹಿಂದಿನದರಷ್ಟು ಓಡಲಿಲ್ಲ. ಆದರೆ ಕಾಮೆಂಟ್ ಬೇರೆ ಥರ ಇದ್ದವು. ಹಿಂದಿನದರಲ್ಲಿ ಬೆಂಕಿ ಚಿತ್ರ, ನಗುವ ಮುಖ ತುಂಬಿದ್ದವು. ಇದರಲ್ಲಿ ಸ್ನೇಹಿತರ ಹೆಸರು ಹಾಕಿ "ಶನಿವಾರ ಹೋಗೋಣ್ವಾ?" ಅಂತ ಬರೆದಿದ್ದರು. ಇನ್ನೊಬ್ಬರು "ನಮ್ಮಮ್ಮ ದೋಸೆಗೆ ಹಿಂಗೇ ಬೈತಾರೆ" ಅಂತ ಬರೆದಿದ್ದರು. ಹುಡುಗ ಇನ್‌ಸೈಟ್ಸ್ ತೆರೆದು ತೋರಿಸಿದ, ನೋಡಿದವರ ಸಂಖ್ಯೆ ಕಮ್ಮಿ, ಬೇರೆಯವರಿಗೆ ಕಳಿಸಿದವರ ಸಂಖ್ಯೆ ಜಾಸ್ತಿ. ಒಂದು ಗಾಡಿಗೆ ನನ್ನ ಪ್ರಕಾರ ಅದೇ ದೊಡ್ಡದು, ಯಾಕೆಂದರೆ ಯಾರೂ ಒಬ್ಬರೇ ಮಸಾಲ ಪೂರಿ ತಿನ್ನೋಕೆ ಅಷ್ಟು ದೂರ ಬರುವುದಿಲ್ಲ.

ಗಾಡಿ ಹತ್ತಿರ ಗೊತ್ತಾದದ್ದು ಇನ್ನೂ ಖುಷಿ ಕೊಟ್ಟಿತು. ಹೊಸಬರು ಬಂದರೆ ತಟ್ಟೆ ಕೈಗೆ ಬಂದ ಕೂಡಲೇ ತಿನ್ನಲು ಶುರುಮಾಡುತ್ತಾರೆ. ಒಬ್ಬ ಹುಡುಗ ಫೋನ್ ತೆಗೆದ, ಪಕ್ಕದವನು ಅವನ ಕೈ ಕೆಳಗೆ ಮಾಡಿ "ಮೊದ್ಲು ತಿನ್ನಿ" ಅಂದ, ಅಣ್ಣನ ದನಿಯಲ್ಲೇ. ಅಣ್ಣ ತಲೆ ಎತ್ತಲಿಲ್ಲ, ಆದರೆ ಆ ತಟ್ಟೆಗೆ ಒಂದು ಪೂರಿ ಜಾಸ್ತಿ ಮುರಿದು ಹಾಕಿದ್ದನ್ನು ನಾನು ನೋಡಿದೆ. ಆ ಅಜ್ಜಿಯೂ ವಾಪಸ್ ಬರುತ್ತಿದ್ದಾರೆ. ಹಸಿಮೆಣಸಿನಕಾಯಿ ಪೇಸ್ಟಿನ ಡಬ್ಬಿ ಗಾಡಿ ಮೇಲೆ ಈಗ ಇಲ್ಲ.

ಕಳೆದ ವಾರ ರಸ್ತೆ ಅಗೆದರು. ಗಾಡಿ ಬಸ್ ಸ್ಟಾಪಿನಿಂದ ಎದುರು ಬದಿಯ ಮರದ ಕೆಳಗೆ ಬಂದಿದೆ. ಹುಡುಗ ಫೋನ್ ಮಾಡಿ ಕೇಳಿದ, ನಾನು ಜಾಗದ ಸಾಲು ಒಂದನ್ನೇ ತಿದ್ದಿ ಕಳಿಸಿದೆ. ಜೊತೆಗೆ ಅವನು ಇನ್ನೊಂದು ಕೇಳಿದ್ದಾನೆ. ನಿಪ್ಪಟ್ಟು ಮಸಾಲದ ವಿಡಿಯೋ ರೆಡಿ ಇದೆಯಂತೆ, ಅದಕ್ಕೂ ಒಂದು ಸಾಲು ಬೇಕಂತೆ. ಮೂರು ಸಂಜೆಯಿಂದ ಆ ಮರದ ಕೆಳಗೆ ನಿಂತು ಕೇಳುತ್ತಿದ್ದೇನೆ. ಅಣ್ಣ ನಿಪ್ಪಟ್ಟು ಮುರಿಯುವಾಗ ಮಾತೇ ಆಡುವುದಿಲ್ಲ. ನಾಳೆಯೂ ಹೋಗಬೇಕು.